ಫೋಟೋ ನೋಡಿ ಬರೆದ ಸತ್ಯಕೋಷ್ಟಕದಲ್ಲಿ ಒಂದೇ ಸಾಲು ತಪ್ಪಿದಾಗ

ಎಂಟು ಸಾಲಿನ ಸತ್ಯಕೋಷ್ಟಕ. ಏಳು ಸಾಲು ಬೋರ್ಡಿನ ಜೊತೆ ಸರಿಯಾಗಿ ಕೂರುತ್ತವೆ, ಒಂದು ಕೂರುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬೋರ್ಡನ್ನೇ ಅನುಮಾನಿಸಿ ಐಸಿ ಬದಲಿಸುತ್ತಾರೆ, ತಂತಿ ಕಿತ್ತು ಮತ್ತೆ ಚುಚ್ಚುತ್ತಾರೆ. ಆದರೆ ಸೂತ್ರ ಬರೆದದ್ದು ಫೋಟೋ ನೋಡಿ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಫೋಟೋ ಓದಿದ ರೀತಿಯನ್ನು. ಕೆಟ್ಟ ಐಸಿಯಿಂದಲೂ ಒಂದೇ ಸಾಲು ಹಾಳಾಗಬಹುದು. ಆದರೂ ಒಂದೇ ಒಂದು ಸಾಲು ತಪ್ಪಿದರೆ ಗೆರೆಯೊಂದನ್ನು ಬೇರೆ ಗೆರೆಯೆಂದು ಓದಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಇಲ್ಲಿ ಒಂದೇ ಸರ್ಕ್ಯೂಟ್ ಹಿಡಿದು ಆ ತಪ್ಪು ಹೇಗೆ ಹುಟ್ಟುತ್ತದೆ, ಹೇಗೆ ಸಿಕ್ಕಿಬೀಳುತ್ತದೆ ಎಂದು ಕೊನೆಯವರೆಗೆ ನೋಡೋಣ. ಸರ್ಕ್ಯೂಟ್ ಚಿಕ್ಕದು: ಮೂರು ಇನ್‌ಪುಟ್, ನಾಲ್ಕು ನ್ಯಾಂಡ್ ಗೇಟ್, ಒಂದು ಔಟ್‌ಪುಟ್. ಕೆಲಸ ಅಡಿಕೆ ತೋಟದ ಪಂಪಿನದು. ಬಾವಿಯಲ್ಲಿ ನೀರಿದ್ದರೆ A = 1. ದಿಬ್ಬದ ಮೇಲಿನ ಟ್ಯಾಂಕ್ ತುಂಬಿದರೆ B = 1. ಟ್ಯಾಂಕಿಗೆ ಹೋಗದೆ ನೇರವಾಗಿ ಸ್ಪ್ರಿಂಕ್ಲರ್‌ಗೆ ನೀರು ಬಿಡುವ ಸ್ವಿಚ್ ಹಾಕಿದರೆ C = 1. ಔಟ್‌ಪುಟ್ Y = 1 ಆದರೆ ಪಂಪ್ ಓಡಬೇಕು. ಬಾವಿಯಲ್ಲಿ ನೀರಿದ್ದು, ಟ್ಯಾಂಕ್ ತುಂಬಿಲ್ಲದಿದ್ದರೆ ಅಥವಾ ಸ್ಪ್ರಿಂಕ್ಲರ್ ಸ್ವಿಚ್ ಹಾಕಿದ್ದರೆ ಓಡಲಿ ಎಂಬುದು ಚಿತ್ರ ಬರೆದವರ ಲೆಕ್ಕ. ಆದರೆ ಫೋಟೋ ಓದುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಕೈಯಲ್ಲಿರುವುದು ರೆಕಾರ್ಡ್ ಪುಸ್ತಕದ ಎಡಪುಟದಲ್ಲಿ ಪೆನ್ಸಿಲ್‌ನಿಂದ ಬರೆದ ಚಿತ್ರದ ಒಂದು ಫೋಟೋ, ಅಷ್ಟೇ.

ಫೋಟೋದಲ್ಲಿ ಕಾಣುವುದು

ಎಡಗಡೆ ಮೇಲಿನಿಂದ ಕೆಳಗೆ A, B, C ಎಂದು ಮೂರು ಅಡ್ಡಗೆರೆಗಳು. B ಗೆರೆ ಮೊದಲ ಗೇಟಿನ ಎರಡೂ ಕಾಲಿಗೆ ಸೇರುತ್ತದೆ. A ಗೆರೆ ಎರಡನೇ ಗೇಟಿನ ಮೇಲಿನ ಕಾಲಿಗೆ ಹೋಗುತ್ತದೆ, ಅದರ ಕೆಳಗಿನ ಕಾಲಿಗೆ ಮೊದಲ ಗೇಟಿನ ಔಟ್‌ಪುಟ್ ಬರುತ್ತದೆ. ಮೂರನೇ ಗೇಟಿನ ಕೆಳಗಿನ ಕಾಲಿಗೆ C. ಮೇಲಿನ ಕಾಲಿಗೆ ಮೇಲಿನಿಂದ ಇಳಿದು ಬರುವ ಒಂದು ಉದ್ದಗೆರೆ. ಎರಡನೇ ಮತ್ತು ಮೂರನೇ ಗೇಟಿನ ಔಟ್‌ಪುಟ್‌ಗಳು ನಾಲ್ಕನೇ ಗೇಟಿಗೆ ಸೇರಿ Y ಆಗುತ್ತವೆ.

ಗಲಾಟೆ ಇರುವುದು ಆ ಉದ್ದಗೆರೆಯಲ್ಲಿ. ಅದು A ಗೆರೆಯಿಂದ ಹೊರಟು, B ಗೆರೆಯನ್ನು ದಾಟಿ, ಮೂರನೇ ಗೇಟಿಗೆ ಇಳಿಯಬೇಕು. ಫೋಟೋದಲ್ಲಿ ಮಾತ್ರ A ಮತ್ತು B ನಡುವಿನ ತುಂಡು ಬೆಳ್ಳಗೆ ಮಾಸಿದೆ, B ಗೆರೆಯನ್ನು ದಾಟುವ ಜಾಗದಲ್ಲಿ ಕಪ್ಪಗೆ ಒಂದು ಮಚ್ಚೆ ಇದೆ. ನೋಡಿದವರ ಕಣ್ಣಿಗೆ ಉದ್ದಗೆರೆ B ಯಿಂದಲೇ ಹೊರಟಂತೆ, ಅಲ್ಲಿ ಜೋಡಣೆಯ ಚುಕ್ಕೆ ಇಟ್ಟಂತೆ ಕಾಣುತ್ತದೆ.

ಎರಡಕ್ಕೂ ಕಾರಣ ಸರಳ. ಪೆನ್ಸಿಲ್ ಗೆರೆ ಗ್ರಾಫೈಟ್. ಅದಕ್ಕೆ ಹೊಳಪಿದೆ. ಫ್ಲ್ಯಾಶ್ ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಗೆರೆ ಕಪ್ಪಾಗಿ ಕಾಣುವ ಬದಲು ಕನ್ನಡಿಯಂತೆ ಮಿಂಚಿ ಕಾಗದದ ಬಿಳಿಯಲ್ಲಿ ಕರಗಿಹೋಗುತ್ತದೆ. ಪುಟ ಚಪ್ಪಟೆಯಾಗಿದ್ದರೆ ಆ ಕೋನ ಎಲ್ಲೋ ಒಂದೇ ಕಡೆ ಸಿಗುತ್ತದೆ, ಉಬ್ಬಿದ್ದರೆ ಹಲವು ಕಡೆ ಸಿಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಪುಸ್ತಕದ ಪುಟ ಚಪ್ಪಟೆಯಾಗಿ ಕೂರುವುದುಂಟೇ? ಥಂಡಿಗೆ ಹಾಳೆ ಅಲೆಅಲೆಯಾಗಿ ಎದ್ದಿರುತ್ತದೆ, ಹೊಲಿಗೆಯ ಹತ್ತಿರ ಇನ್ನೂ ಜಾಸ್ತಿ. ಮೋಡದ ಕತ್ತಲಿಗೆ ಫೋನು ತಾನಾಗಿಯೇ ಫ್ಲ್ಯಾಶ್ ಹಾಕಿಕೊಳ್ಳುತ್ತದೆ. ಎರಡೂ ಸೇರಿದರೆ ಗೆರೆಯ ಒಂದು ತುಂಡು ಮಾಯ.

ಮಚ್ಚೆಯ ಕಥೆ ಬೇರೆ. ಸ್ಕೇಲ್ ಇಟ್ಟು ಮೇಲಿನಿಂದ ಗೆರೆ ಎಳೆಯುವವರು B ಗೆರೆಯ ಹತ್ತಿರ ಕೈ ನಿಲ್ಲಿಸಿ, ಸ್ಕೇಲ್ ಸರಿಸಿ, ಅಲ್ಲಿಂದಲೇ ಮುಂದುವರಿಸುತ್ತಾರೆ. ನಿಂತ ಜಾಗದಲ್ಲಿ ಸೀಸ ಎರಡು ಸಲ ಕೂರುತ್ತದೆ, ಅಡ್ಡಗೆರೆಯದೂ ಸೇರಿ ಮೂರು ಪದರ. ಬೇಕೆಂದೇ ಇಟ್ಟ ಚುಕ್ಕೆ ದುಂಡಗಿದ್ದು, ಗೆರೆಯ ದಪ್ಪಕ್ಕಿಂತ ಎರಡು ಮೂರು ಪಟ್ಟು ಅಗಲ ಇರುತ್ತದೆ. ನಿಂತು ಹೊರಟ ಮಚ್ಚೆ ಗೆರೆಯ ದಿಕ್ಕಿಗೆ ಉದ್ದವಾಗಿ, ಮೊಟ್ಟೆಯಾಕಾರದಲ್ಲಿ ಇರುತ್ತದೆ. ಮೂಲ ಪುಟದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಕಾಣದೇ ಹೋಗಬಹುದು.

ಯಾಕೆ ಎನ್ನುವುದಕ್ಕೆ ಸ್ವಲ್ಪ ಲೆಕ್ಕ. ಎ4 ಅಳತೆಯ ಹಾಳೆಯ ಉದ್ದ 297 ಮಿಲಿಮೀಟರ್. ಫೋನಿನ ಫೋಟೋದಲ್ಲಿ ಉದ್ದದ ಕಡೆ 4000 ಪಿಕ್ಸೆಲ್ ಇದ್ದರೆ ಒಂದು ಮಿಲಿಮೀಟರಿಗೆ ಸುಮಾರು 13 ಪಿಕ್ಸೆಲ್ ಸಿಗುತ್ತದೆ. ಅದೇ ಫೋಟೋ ಮೆಸೇಜಿನಲ್ಲಿ ಬರುವಾಗ ಕುಗ್ಗಿ 1600 ಪಿಕ್ಸೆಲ್ ಆದರೆ ಮಿಲಿಮೀಟರಿಗೆ ಐದೂವರೆಯೂ ಸಿಗುವುದಿಲ್ಲ. ಒಂದೂವರೆ ಮಿಲಿಮೀಟರ್ ಚುಕ್ಕೆ ಆಗ 8 ಪಿಕ್ಸೆಲ್ ಅಗಲದ್ದು. ಜೆಪೆಗ್ ಚಿತ್ರ ಕುಗ್ಗಿಸುವುದೇ 8×8 ಪಿಕ್ಸೆಲ್‌ಗಳ ಚೌಕಗಳಲ್ಲಿ. ಅಂದರೆ ದುಂಡಗಿನ ಚುಕ್ಕೆಯೂ ಮೊಟ್ಟೆಯಾಕಾರದ ಮಚ್ಚೆಯೂ ಅಂಥ ಒಂದೆರಡು ಚೌಕದೊಳಗೆ ಕಲಸಿಹೋಗುತ್ತವೆ. ಅದನ್ನು ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಇಲ್ಲದ ವಿವರ ಹುಟ್ಟುವುದಿಲ್ಲ. ಫೋಟೋ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಬೇಕು. ಫ್ಲ್ಯಾಶ್ ಆರಿಸಿ, ಹಗಲು ಹೊತ್ತಿನಲ್ಲಿ ಜಗಲಿಯ ಬೆಳಕಿಗೆ ಪುಸ್ತಕ ಹಿಡಿದು, ಅನುಮಾನದ ಜಾಗದ್ದೇ ಒಂದು ಹತ್ತಿರದ ಫೋಟೋ ಬೇರೆ ತೆಗೆಯಲು ಹೇಳಬೇಕು. ಹೀಗೆ ತೆಗೆದ ಒಂದು ಫೋಟೋ ಬಂದರೆ ಕೆಳಗಿನ ಅರ್ಧ ಕೆಲಸ ಬೇಕಾಗುವುದೇ ಇಲ್ಲ. ಅದು ಸಿಗದಾಗ ಮುಂದಕ್ಕೆ ಓದಿ.

ಗೇಟುಗಳಿಗಲ್ಲ, ಗೆರೆಗಳಿಗೆ ಹೆಸರು

ಫೋಟೋದಿಂದ ನೇರವಾಗಿ ಉದ್ದದ ಸೂತ್ರ ಬರೆಯಲು ಹೋದರೆ ಎಲ್ಲಿ ತಪ್ಪಿತು ಎಂದು ಆಮೇಲೆ ಹುಡುಕಲಾಗದು. ಮೊದಲು ಪ್ರತಿ ಗೇಟಿನ ಔಟ್‌ಪುಟ್ ಗೆರೆಗೆ ಒಂದೊಂದು ಹೆಸರು ಕೊಟ್ಟು, ಗೇಟಿಗೊಂದು ಸಾಲಿನಂತೆ ಬರೆಯಿರಿ. ಮೇಲ್ಗೆರೆಯ ಬದಲು ಇಲ್ಲಿ ' ಚಿಹ್ನೆ ಬಳಸಿದ್ದೇವೆ. ಅನುಮಾನ ಇರುವ ಕಡೆ ಊಹಿಸಿ ತುಂಬಬೇಡಿ, ಪ್ರಶ್ನಾರ್ಥಕ ಚಿಹ್ನೆಯನ್ನೇ ಬರೆಯಿರಿ.

```
P = (B·B)' = B'
Q = (A·P)'
R = (?·C)'      ? = A ಅಥವಾ B
Y = (Q·R)'
```

ಆ ಪ್ರಶ್ನಾರ್ಥಕ ಚಿಹ್ನೆಗೆ ಮೇಲ್ನೋಟಕ್ಕೆ ಮೂರು ಓದು ಸಾಧ್ಯ. ಉದ್ದಗೆರೆ A ಯದು, B ಯನ್ನು ಸುಮ್ಮನೆ ದಾಟಿದೆ. ಉದ್ದಗೆರೆ B ಯದು, A ಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲವೇ A, B ಎರಡೂ ಆ ಚುಕ್ಕೆಯಲ್ಲಿ ಕೂಡಿವೆ. ಮೂರನೆಯದನ್ನು ತಕ್ಷಣ ತೆಗೆದುಹಾಕಬಹುದು. ಎರಡು ಬೇರೆ ಇನ್‌ಪುಟ್‌ಗಳನ್ನು ಒಂದೇ ತಂತಿಗೆ ಕಟ್ಟಿದರೆ ಒಂದು 0 ಇನ್ನೊಂದು 1 ಆದಾಗ ಶಾರ್ಟ್ ಆಗುತ್ತದೆ, ಅದಕ್ಕೆ ಸೂತ್ರವೇ ಇಲ್ಲ. ಒಂದೇ ಗೆರೆಗೆ ಎರಡು ಮೂಲ ಸಿಕ್ಕಿದರೆ ಓದು ತಪ್ಪಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಎಲ್ಲ ಗೆರೆಗಳಿಗೂ ಒಮ್ಮೆ ಮಾಡಿಬಿಡಿ, ಅರ್ಧ ನಿಮಿಷದ ಕೆಲಸ.

ಉಳಿದ ಎರಡು ಓದುಗಳನ್ನು ಬೇರೆಬೇರೆಯಾಗಿ ಬಿಡಿಸೋಣ. Q = (AB')' ಎರಡಕ್ಕೂ ಒಂದೇ. ಮೊದಲ ಓದಿನಲ್ಲಿ R = (AC)'. ಡಿ ಮಾರ್ಗನ್ ನಿಯಮದಂತೆ ಹೊರಗಿನ ' ಒಳಗೆ ಹೋದಾಗ ಗುಣಾಕಾರ ಕೂಡುವಿಕೆಯಾಗಿ, ಎರಡು ' ಒಂದನ್ನೊಂದು ಅಳಿಸಿಕೊಳ್ಳುತ್ತವೆ:

```
ಓದು 1:  Y = ((AB')'·(AC)')' = AB' + AC = A(B' + C)
ಓದು 2:  Y = ((AB')'·(BC)')' = AB' + BC
```

ಇಲ್ಲಿ ಒಂದು ಬಲೆ ಇದೆ. ಎರಡನೇ ಓದು ತಪ್ಪು ಎಂದು ಅದರ ಮುಖ ನೋಡಿದರೆ ಗೊತ್ತಾಗುವುದಿಲ್ಲ. ತಪ್ಪಾಗಿ ಓದಿದ ಸರ್ಕ್ಯೂಟ್ ಸಾಮಾನ್ಯವಾಗಿ ಅರ್ಥವಿಲ್ಲದ್ದಾಗಿ ಬರುತ್ತದೆ, Y ಯಾವಾಗಲೂ 1 ಅಥವಾ ಒಂದು ಇನ್‌ಪುಟ್ ಪೂರ್ತಿ ಮಾಯ, ಹಾಗೆ ಏನೋ ಒಂದು. ಆದರೆ AB' + BC ಎಲ್ಲ ಪಠ್ಯದಲ್ಲೂ ಇರುವ ಎರಡು ಇನ್‌ಪುಟ್ ಮಲ್ಟಿಪ್ಲೆಕ್ಸರ್. B = 0 ಇದ್ದರೆ A ಹೊರಗೆ ಬರುತ್ತದೆ, B = 1 ಇದ್ದರೆ C. ನಾಲ್ಕು ನ್ಯಾಂಡ್ ಗೇಟಿನಿಂದ ಅದನ್ನು ಕಟ್ಟುವ ಚಿತ್ರವೂ ಹೆಚ್ಚುಕಡಿಮೆ ಇದೇ ಆಕಾರದ್ದು. ಡಿಪ್ಲೊಮಾ ಓದಿದವರಿಗೆ ಅದು ಎಷ್ಟು ಪರಿಚಿತ ಎಂದರೆ, ಓಹೋ ಮಲ್ಟಿಪ್ಲೆಕ್ಸರ್ ಎಂದು ಗುರುತು ಸಿಕ್ಕ ಖುಷಿಯಲ್ಲೇ ಪರಿಶೀಲನೆ ನಿಂತುಹೋಗುತ್ತದೆ.

ಎರಡು ಓದು ಬೇರೆಯಾಗುವ ಸಾಲು

ಫೋಟೋವನ್ನು ಇನ್ನಷ್ಟು ದಿಟ್ಟಿಸಿ ಪ್ರಯೋಜನವಿಲ್ಲ. ಎರಡೂ ಓದಿನ ಸತ್ಯಕೋಷ್ಟಕ ಪಕ್ಕಪಕ್ಕ ಇಟ್ಟು ಎಲ್ಲಿ ಬೇರೆಯಾಗುತ್ತವೆ ಎಂದು ನೋಡುವುದೇ ಸರಿ. ಕೈಯಲ್ಲೇ ಮಾಡಬಹುದು. ಕಂಪ್ಯೂಟರ್ ಹತ್ತಿರವಿದ್ದರೆ ಪೈಥಾನ್‌ನಲ್ಲಿ ಹತ್ತು ಸಾಲು ಸಾಕು. ಸರಳಗೊಳಿಸಿದ ಸೂತ್ರವನ್ನು ಅಲ್ಲಿ ಬರೆಯಬೇಡಿ, ಗೇಟಿಗೊಂದು ಸಾಲಿನ ಪಟ್ಟಿಯನ್ನೇ ಬರೆಯಿರಿ. ಆಗ ಸರಳಗೊಳಿಸುವಾಗ ಆದ ತಪ್ಪಿದ್ದರೂ ಬೇರೆಯಾಗಿ ಸಿಗುತ್ತದೆ.

```python
from itertools import product

def nand(x, y):
    return 1 - (x & y)

for a, b, c in product((0, 1), repeat=3):
    p = nand(b, b)
    q = nand(a, p)
    y1 = nand(q, nand(a, c))
    y2 = nand(q, nand(b, c))
    print(a, b, c, y1, y2)
```

ಬರುವ ಉತ್ತರ ಹೀಗೆ. ನಾಲ್ಕನೇ ಅಂಕಣ ಮೊದಲ ಓದಿನ Y, ಐದನೆಯದು ಎರಡನೇ ಓದಿನದು.

```
0 0 0 0 0
0 0 1 0 0
0 1 0 0 0
0 1 1 0 1
1 0 0 1 1
1 0 1 1 1
1 1 0 0 0
1 1 1 1 1
```

ಎಂಟರಲ್ಲಿ ಏಳು ಒಂದೇ. 011 ಸಾಲು ಮಾತ್ರ ಬೇರೆ. ತೋಟದ ಭಾಷೆಯಲ್ಲಿ ಹೇಳುವುದಾದರೆ: ಬಾವಿಯಲ್ಲಿ ನೀರಿಲ್ಲ, ಟ್ಯಾಂಕ್ ತುಂಬಿದೆ, ಸ್ಪ್ರಿಂಕ್ಲರ್ ಸ್ವಿಚ್ ಹಾಕಿದೆ. ಅಪರೂಪಕ್ಕೂ ಬಾರದ ಪರಿಸ್ಥಿತಿ ಎಂದು ತಳ್ಳಿಹಾಕಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಪಂಪ್ ಬಾವಿಯ ನೀರನ್ನೆಲ್ಲ ಎಳೆದು ಟ್ಯಾಂಕ್ ತುಂಬಿಸುತ್ತದೆ, ಬಾವಿ ತಳ ಕಾಣುತ್ತದೆ. ಆಮೇಲೆ ಯಾರೋ ಸ್ಪ್ರಿಂಕ್ಲರ್ ಸ್ವಿಚ್ ಹಾಕುತ್ತಾರೆ. ಸರಿಯಾದ ಸರ್ಕ್ಯೂಟಿನಲ್ಲಿ ಪಂಪ್ ಅಲುಗಾಡುವುದಿಲ್ಲ. ತಪ್ಪು ಓದಿನಂತೆ ಹೊಸ ಬೋರ್ಡ್ ಕಟ್ಟಿದ್ದರೆ ಪಂಪ್ ಒಣಗಿ ಓಡುತ್ತದೆ, ನೀರಿನಿಂದಲೇ ತಂಪಾಗಬೇಕಾದ ಸೀಲು ಸುಡುತ್ತದೆ.

ತಪ್ಪಿದ್ದು ಚುಕ್ಕೆಯೋ, ಸೊನ್ನೆಯೋ

ಒಂದೇ ಸಾಲು ತಪ್ಪಿದರೆ ಚುಕ್ಕೆಯ ಮೇಲೆ ಅನುಮಾನ ಎಂದೆವು. ಬೇರೆ ಸಾಲುಗಳು ತಪ್ಪಿದರೆ ಗೇಟಿನ ಮೂಗಿನ ಮೇಲಿರುವ ಸೊನ್ನೆಯನ್ನು, ಅಂದರೆ ಬಬಲ್ಲನ್ನು ನೋಡಿ. ಅದು ಮಾಸಿದರೆ ನ್ಯಾಂಡ್ ಗೇಟು ಆಂಡ್ ಆಗಿ ಓದಿಸಿಕೊಳ್ಳುತ್ತದೆ. ಯಾವ ಗೇಟಿನ ಸೊನ್ನೆ ಹೋಯಿತು ಎಂಬುದನ್ನು ತಪ್ಪಿದ ಸಾಲುಗಳೇ ಹೇಳುತ್ತವೆ.

ಕೊನೆಯ ಗೇಟಿನ ಸೊನ್ನೆ ಬಿಟ್ಟುಹೋದರೆ Y ಪೂರ್ತಿ ತಿರುಗುಮುರುಗು, ಎಂಟಕ್ಕೆ ಎಂಟೂ ಸಾಲು ತಪ್ಪು. ಎರಡನೆಯದರದ್ದು ಹೋದರೆ A' + B + C, ಮೂರನೆಯದರದ್ದು ಹೋದರೆ A' + B' + C' ಬರುತ್ತದೆ. ಎರಡರಲ್ಲೂ ಆರಾರು ಸಾಲು ತಪ್ಪುತ್ತವೆ, ಎರಡರಲ್ಲೂ A = 0 ಇರುವ ನಾಲ್ಕೂ ಸಾಲುಗಳಲ್ಲಿ Y ಒಂದಾಗಿ ಕೂತಿರುತ್ತದೆ. ಇವೆರಡನ್ನು ಬೇರ್ಪಡಿಸಲು 111 ನೋಡಿ: ಎರಡನೇ ಗೇಟಿನ ತಪ್ಪಾದರೆ ಅಲ್ಲಿ 1, ಮೂರನೆಯದರ ತಪ್ಪಾದರೆ 0. ಮೊದಲ ಗೇಟಿನ ಸೊನ್ನೆ ಹೋದರೆ P = B ಆಗಿ A(B + C) ಬರುತ್ತದೆ, ಆಗ 100 ಮತ್ತು 110 ಎರಡೇ ಸಾಲು ತಪ್ಪು.

ಇದರಲ್ಲಿ ತಮಾಷೆಯ ಸಂಗತಿ ಎಂದರೆ ನಾಲ್ಕೂ ಸೊನ್ನೆ ಕಾಣದೆ ಹೋದಾಗಿನ ಫಲ. ಆಗ Y = AB·AC = ABC. ಇಷ್ಟು ದೊಡ್ಡ ಎಡವಟ್ಟಿಗೂ ತಪ್ಪುವುದು ಎರಡೇ ಸಾಲು, 100 ಮತ್ತು 101. ಒಂದು ಸೊನ್ನೆ ಬಿಟ್ಟರೆ ಆರು ಸಾಲು ಹೋಗಬಹುದು, ನಾಲ್ಕೂ ಬಿಟ್ಟರೆ ಎರಡು. ಆದ್ದರಿಂದ ಎಷ್ಟು ಸಾಲು ತಪ್ಪಿವೆ ಎಂಬುದಕ್ಕಿಂತ ಯಾವ ಸಾಲು ತಪ್ಪಿವೆ ಎಂಬುದನ್ನು ಹಿಡಿದು ಹುಡುಕಬೇಕು. ಎರಡೇ ಸಾಲಲ್ಲವೇ, ಹೆಚ್ಚುಕಡಿಮೆ ಸರಿ ಇದೆ ಎಂದುಕೊಂಡರೆ ಕೆಟ್ಟಿರಿ.

ಬೋರ್ಡ್ ಇದ್ದರೆ

ಈ ಸರ್ಕ್ಯೂಟ್ ಒಂದೇ 74HC00 ಐಸಿಯೊಳಗೆ ಮುಗಿಯುತ್ತದೆ, ಗೇಟ್ ಒಂದೂ ಉಳಿಯುವುದಿಲ್ಲ. 14ನೇ ಪಿನ್‌ಗೆ 5 ವೋಲ್ಟ್, 7ನೇ ಪಿನ್‌ಗೆ ಗ್ರೌಂಡ್. ನಮ್ಮ ಹೆಸರುಗಳ ಪ್ರಕಾರ ಪಿನ್ನುಗಳು ಹೀಗೆ ಬರುತ್ತವೆ:

```
ಗೇಟ್ 1:  1, 2   ← B, B    3  → P
ಗೇಟ್ 2:  4, 5   ← A, P    6  → Q
ಗೇಟ್ 3:  9, 10  ← ?, C    8  → R
ಗೇಟ್ 4:  12, 13 ← Q, R    11 → Y
```

ಪ್ರಶ್ನೆಗೆ ಉತ್ತರ ಸಿಗಲು ಪವರ್ ಕೂಡ ಬೇಡ. ಪವರ್ ತೆಗೆದು, ಮಲ್ಟಿಮೀಟರನ್ನು ಬಜರ್ ಕಡೆಗೆ ತಿರುಗಿಸಿ, ಒಂದು ಕಡ್ಡಿ 9ನೇ ಪಿನ್ ಮೇಲೆ ಇಡಿ. ಇನ್ನೊಂದನ್ನು 4ರ ಮೇಲೆ ಇಟ್ಟಾಗ ಕೂಗಿದರೆ ಉದ್ದಗೆರೆ A ಯದು. 1ರ ಮೇಲೆ ಇಟ್ಟಾಗ ಕೂಗಿದರೆ B ಯದು. ಎರಡರ ಮೇಲೂ ಕೂಗಿದರೆ ಬೋರ್ಡಿನಲ್ಲೇ A, B ಶಾರ್ಟ್ ಆಗಿವೆ. ಇನ್‌ಪುಟ್‌ಗಳಿಗೆ 10 ಕಿಲೋ ಓಮ್‌ನ ರೆಸಿಸ್ಟರುಗಳನ್ನು ಗ್ರೌಂಡಿಗೆ ಹಾಕಿರುತ್ತಾರೆ. ಅವುಗಳ ಮೂಲಕ ಮೀಟರ್ ಕೂಗುವುದಿಲ್ಲ, ಹಾಗಾಗಿ ಗೊಂದಲ ಬೇಡ.

ಪವರ್ ಕೊಟ್ಟು 011 ಸಾಲನ್ನು ನೋಡುವುದಾದರೆ A ಯನ್ನು ಗ್ರೌಂಡಿಗೆ, B ಮತ್ತು C ಯನ್ನು 5 ವೋಲ್ಟಿಗೆ ಕಟ್ಟಿ 11ನೇ ಪಿನ್ನಿನ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟಿನೊಳಗಿದ್ದರೆ 0, ನಾಲ್ಕರ ಮೇಲಿದ್ದರೆ 1. ಎರಡು ಎರಡೂವರೆ ವೋಲ್ಟ್ ಕಂಡರೆ ಅದು ಲಾಜಿಕ್ಕಿನ ಉತ್ತರವೇ ಅಲ್ಲ. ಯಾವುದೋ ಇನ್‌ಪುಟ್ ಎಲ್ಲಿಗೂ ಸೇರದೆ ತೇಲುತ್ತಿದೆ ಅಥವಾ ಎರಡು ಔಟ್‌ಪುಟ್ ಒಂದಕ್ಕೊಂದು ತಾಗಿವೆ. ತೇಲುವ ಇನ್‌ಪುಟ್ 74LS00ನಲ್ಲಿ 1 ಇದ್ದಂತೆ ನಡೆದುಕೊಳ್ಳುತ್ತದೆ. 74HC00ನಲ್ಲಿ ಇಂಥದ್ದೇ ಎಂದಿಲ್ಲ, ಬೆರಳು ಹತ್ತಿರ ತಂದರೂ ಬದಲಾಗಬಹುದು. A ಯ ತಂತಿ ಸಡಿಲವಾಗಿದ್ದು ಅದನ್ನು ನೀವು 0 ಎಂದುಕೊಂಡಿದ್ದರೆ, LS ಐಸಿಯ ಬೋರ್ಡ್ 011ರಲ್ಲಿ 111ರ ಉತ್ತರ ಕೊಡುತ್ತದೆ, ಅಂದರೆ 1. ಥೇಟ್ ತಪ್ಪು ಓದಿನದೇ ಉತ್ತರ! ಹೀಗಾಗಿ 0 ಎಂದರೆ ತಂತಿ ಕಿತ್ತಿಡುವುದಲ್ಲ, ಗ್ರೌಂಡಿಗೆ ಕಟ್ಟುವುದು. ಇದನ್ನು ಪಕ್ಕಾ ಮಾಡಿಕೊಳ್ಳದೆ 011ರ ಅಳತೆಯನ್ನು ನಂಬಬೇಡಿ. ಅನುಮಾನವಿದ್ದರೆ 000 ಹಾಕಿ ನೋಡಿ. ಅಲ್ಲೂ 1 ಬಂದರೆ A ತೇಲುತ್ತಿದೆ, ಏಕೆಂದರೆ ಎರಡೂ ಓದಿನಲ್ಲಿ 000ಕ್ಕೆ ಉತ್ತರ 0, 100ಕ್ಕೆ 1.

ಎಲ್‌ಇಡಿ ನೋಡಿ ಸಾಲು ಬರೆಯುವವರಿಗೆ ಒಂದು ಎಚ್ಚರಿಕೆ. HC ಐಸಿಯ ಔಟ್‌ಪುಟ್ ಪಿನ್ನಿನಿಂದ 1 ಕಿಲೋ ಓಮ್ ಮೂಲಕ ಗ್ರೌಂಡಿಗೆ ಎಲ್‌ಇಡಿ ಹಾಕಿದರೆ Y = 1 ಆದಾಗ ಉರಿಯುತ್ತದೆ. LS ಐಸಿ 1 ಇರುವಾಗ ಹೊರಗೆ ಕೊಡುವ ಕರೆಂಟ್ ತೀರಾ ಕಡಿಮೆ. ಆದ್ದರಿಂದ ಹಳೆಯ ಬೋರ್ಡುಗಳಲ್ಲಿ ಎಲ್‌ಇಡಿಯನ್ನು 5 ವೋಲ್ಟ್ ಕಡೆಯಿಂದ ಪಿನ್ನಿಗೆ ಕಟ್ಟುವ ರೂಢಿ ಇದೆ, ಅಲ್ಲಿ ದೀಪ ಉರಿದರೆ Y = 0. ಎಂಟೂ ಸಾಲು ತಿರುಗಿ ಬಂದರೆ ಕೊನೆಯ ಗೇಟಿನ ಸೊನ್ನೆ ಹುಡುಕುವ ಮೊದಲು ಎಲ್‌ಇಡಿ ಯಾವ ಕಡೆ ಕಟ್ಟಿದೆ ನೋಡಿ.

ಐಸಿಯ ಮೈಮೇಲಿನ ನಂಬರ್ ಓದುವುದೂ ಮುಖ್ಯ. CD4011 ಕೂಡ ನಾಲ್ಕು ನ್ಯಾಂಡ್ ಗೇಟಿನ 14 ಕಾಲಿನದೇ, ಆದರೆ ಅದರಲ್ಲಿ 4 ಮತ್ತು 10ನೇ ಪಿನ್ನುಗಳು ಔಟ್‌ಪುಟ್. 7400ನ ಜಾಗದಲ್ಲಿ ಅದನ್ನು ಕೂರಿಸಿದರೆ A ಮತ್ತು C ಸ್ವಿಚ್ಚುಗಳು ಔಟ್‌ಪುಟ್ಟಿನ ಜೊತೆ ಗುದ್ದಾಡುತ್ತವೆ.

ಈ ಪರೀಕ್ಷೆಯೆಲ್ಲ 5 ವೋಲ್ಟಿನಲ್ಲಿ, ರಿಲೇ ಮತ್ತು ಕಾಂಟ್ಯಾಕ್ಟರ್ ಕಡೆಯ ತಂತಿ ಬಿಚ್ಚಿಟ್ಟು. ಪಂಪಿನ ಸ್ಟಾರ್ಟರ್ ಸೇರಿಸಿಕೊಂಡು ಸಾಲು ಪರೀಕ್ಷಿಸಬೇಡಿ.

ಕೋಷ್ಟಕವನ್ನು ಚಿಕ್ಕದು ಮಾಡುವಾಗ

ಉದ್ದಗೆರೆ A ಯದೇ ಎಂದು ಖಚಿತವಾಯಿತು ಎನ್ನೋಣ. ಎಂಟು ಸಾಲನ್ನು ನಾಲ್ಕಕ್ಕೆ ಇಳಿಸಬಹುದು. X ಎಂದರೆ ಆ ಇನ್‌ಪುಟ್ 0 ಇರಲಿ 1 ಇರಲಿ, ಉತ್ತರ ಬದಲಾಗದು. ಕಾರ್ನಾ ನಕ್ಷೆಯಲ್ಲಿ ಔಟ್‌ಪುಟ್ ಜಾಗದಲ್ಲಿ ಬರೆಯುವ X ಬೇರೆ. ಅದು ಉತ್ತರ ಏನಾದರೂ ಆಗಲಿ ಎಂಬ ಅರ್ಥದ್ದು. ಎರಡನ್ನೂ ಕಲಸಬೇಡಿ.

```
A B C | Y
0 X X | 0
1 0 X | 1
1 1 0 | 0
1 1 1 | 1
```

ಸಾಲು ಬಿಟ್ಟುಹೋಗಿಲ್ಲ ಎಂದು ನೋಡಲು ಎಣಿಕೆ ಮಾಡಿ. ಎರಡು X ಇರುವ ಸಾಲು ನಾಲ್ಕಕ್ಕೆ ಸಮ, ಒಂದು X ಇದ್ದರೆ ಎರಡಕ್ಕೆ, X ಇಲ್ಲದ್ದು ಒಂದಕ್ಕೆ. 4 + 2 + 1 + 1 = 8, ಸರಿ. ಕೊನೆಯ ಸಾಲಿನ ಬದಲು 1 X 1 ಎಂದು ಬರೆದರೆ ಮೊತ್ತ 9 ಆಗುತ್ತದೆ, ಏಕೆಂದರೆ 101 ಎರಡು ಕಡೆ ಸೇರಿದೆ. ಎರಡೂ ಕಡೆ ಉತ್ತರ 1 ಇರುವುದರಿಂದ ಅದು ತಪ್ಪಲ್ಲ, ಆದರೆ ಹೀಗೆ ಒಂದರ ಮೇಲೊಂದು ಬಿದ್ದ ಸಾಲುಗಳಲ್ಲಿ ಉತ್ತರ ಬೇರೆಬೇರೆ ಇದ್ದರೆ ಕೋಷ್ಟಕವೇ ಹಾಳು. ಮೊತ್ತ 8ಕ್ಕಿಂತ ಕಡಿಮೆ ಬಂದರೆ ಸಾಲು ಬಿಟ್ಟಿದ್ದೀರಿ. ಕಾರ್ನಾ ನಕ್ಷೆಯಿಂದ ಇಳಿಸುವವರು BC ಯ ಅಂಕಣಗಳನ್ನು 00, 01, 11, 10 ಎಂಬ ಕ್ರಮದಲ್ಲೇ ಬರೆಯಬೇಕು. ಎಣಿಕೆಯ ಕ್ರಮದಲ್ಲಿ 00, 01, 10, 11 ಎಂದು ಬರೆದರೆ ಕೊನೆಯ 11ರ 1 ಸುತ್ತಿಬಂದು 00ರ ಪಕ್ಕದ್ದೆನಿಸುತ್ತದೆ, ಇಲ್ಲದ ಜೋಡಿ ಹುಟ್ಟುತ್ತದೆ.

ಈಗ ತಪ್ಪು ಓದಿನ ಚಿಕ್ಕ ಕೋಷ್ಟಕವನ್ನೂ ನೋಡಿ:

```
A B C | Y
0 0 X | 0
1 0 X | 1
X 1 0 | 0
X 1 1 | 1
```

ಸಾಲಿಗೊಂದು X, ಮೊತ್ತ 2 + 2 + 2 + 2 = 8. ಸರಿಯಾದದ್ದಕ್ಕಿಂತ ಅಚ್ಚುಕಟ್ಟಾಗಿದೆ! ಇದನ್ನು ಹಿಡಿದು ಸರಿಯಾದ ಬೋರ್ಡನ್ನು ಪರೀಕ್ಷಿಸಿದರೆ ಏನಾಗುತ್ತದೆ? ನಾಲ್ಕು ಸಾಲಿಗೆ ನಾಲ್ಕು ಪರೀಕ್ಷೆ ಸಾಕೆಂದು ಒಬ್ಬರು 000, 100, 110, 111 ಹಾಕಿ ನೋಡುತ್ತಾರೆ ಎನ್ನಿ. ಮೂರನೇ ಪರೀಕ್ಷೆಯಿಂದ A ಯನ್ನು 1ರಲ್ಲೇ ಬಿಟ್ಟಿದ್ದಾರೆ, X ಅಲ್ಲವೇ, ಮುಟ್ಟುವುದೇಕೆ. ಬೋರ್ಡ್ 0, 1, 0, 1 ಕೊಡುತ್ತದೆ. ನಾಲ್ಕಕ್ಕೆ ನಾಲ್ಕೂ ಹೊಂದಿತು. ತಪ್ಪು ಸೂತ್ರಕ್ಕೆ ಬೋರ್ಡಿನ ಸಾಕ್ಷಿಯೂ ಸಿಕ್ಕಿಬಿಟ್ಟಿತು. 011 ಸಾಲು X 1 1ರೊಳಗೆ ಅಡಗಿ ಕೂತಿದೆ, ಅದನ್ನು ಯಾರೂ ಕೇಳಲೇ ಇಲ್ಲ.

ಅದಕ್ಕೇ ಬೋರ್ಡಿನ ಪರೀಕ್ಷೆ ಎಂಟು ಸಾಲಿನ ಕೋಷ್ಟಕದಲ್ಲಿ ಮುಗಿಯಬೇಕು, X ಹಾಕುವುದು ಆಮೇಲೆ. ಇನ್‌ಪುಟ್ ಜಾಸ್ತಿಯಿದ್ದು ಎಲ್ಲ ಸಾಲು ನೋಡಲಾಗದಿದ್ದರೆ ಪ್ರತಿ X ಸಾಲಿನಲ್ಲೂ X ಅನ್ನು ಒಮ್ಮೆ 0, ಒಮ್ಮೆ 1 ಮಾಡಿ ನೋಡಿ, ಜೊತೆಗೆ ಫೋಟೋದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿದ್ದ ಜಾಗಗಳು ಯಾವ ಸಾಲಿನಲ್ಲಿ ಬೇರೆ ಉತ್ತರ ಕೊಡುತ್ತವೋ ಆ ಸಾಲುಗಳನ್ನು ಬಿಡಬೇಡಿ.

ಬೋರ್ಡೂ ಇಲ್ಲ, ಮೂಲ ಪುಟವೂ ಸಿಗುವುದಿಲ್ಲ ಎಂದಾದರೆ ಚಿತ್ರ ಬರೆದವರನ್ನೇ ಕೇಳಬೇಕು. ಆಗಲೂ ಅಲ್ಲಿ ಚುಕ್ಕೆ ಇತ್ತಾ ಎಂದು ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಬಾವಿ ಖಾಲಿಯಿದ್ದು, ಟ್ಯಾಂಕ್ ತುಂಬಿದ್ದು, ಸ್ಪ್ರಿಂಕ್ಲರ್ ಸ್ವಿಚ್ ಹಾಕಿದರೆ ಪಂಪ್ ಓಡಬೇಕಾ ಎಂದು ಕೇಳಿ. ಅದಕ್ಕೆ ಉತ್ತರ ತಕ್ಷಣ ಬರುತ್ತದೆ. ಬಂದ ಮೇಲೆ ಚಿತ್ರವನ್ನು ಹೊಸದಾಗಿ ಬರೆದಿಡಿ: ಉದ್ದಗೆರೆ ಒಂದೇ ಎಳೆತದಲ್ಲಿ, A ಯಲ್ಲಿ ಕವಲೊಡೆಯುವ ಕಡೆ ದುಂಡು ಚುಕ್ಕೆ, B ಯನ್ನು ದಾಟುವ ಕಡೆ ಸಣ್ಣ ಕಮಾನು. ಪೆನ್ಸಿಲ್ ಬೇಡ, ಹೊಳಪಿಲ್ಲದ ಕಪ್ಪು ಬಾಲ್‌ಪೆನ್ನಿನಲ್ಲಿ.